‘ಸ್ವಲ್ಪ ಕಷ್ಟ’ ಅಂದರೆ ಎಷ್ಟು ಕಷ್ಟ?

ಕೆಲವು ವರ್ಷ ಮನೆಮನೆಗೆ ಹೋಗಿ ಆರೋಗ್ಯದ ಸರ್ವೆ ಮಾಡಿದ್ದೇನೆ. ಅದರಲ್ಲಿ ಒಂದು ಪ್ರಶ್ನೆ ಇತ್ತು. ಕಳೆದ 30 ದಿನದಲ್ಲಿ ಓಡಾಡೋದಕ್ಕೆ ನಿಮಗೆ ಎಷ್ಟು ತೊಂದರೆ ಆಯಿತು? ಉತ್ತರ ಐದರಲ್ಲಿ ಒಂದು: ಏನೂ ಇಲ್ಲ, ಸ್ವಲ್ಪ, ಸಾಧಾರಣ, ಜಾಸ್ತಿ, ವಿಪರೀತ. ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಗೋಡೆ ಹಿಡಿದುಕೊಂಡು ಹಿತ್ತಲಿನಿಂದ ಜಗಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಕೂತು, ಸುಧಾರಿಸಿಕೊಂಡು, "ಸ್ವಲ್ಪ ಅಂತ ಬರ್ಕೊಳಪ್ಪ, ವಯಸ್ಸಾದ ಮೇಲೆ ಇಷ್ಟು ಇರಲ್ವಾ" ಅಂದರು. ಅದೇ ಬೀದಿಯಲ್ಲಿ ಮೂವತ್ತರ ಆಸುಪಾಸಿನ ಯುವಕ. ಬೈಕಿನಿಂದ ಬಿದ್ದು ಮಂಡಿ ನೋವು, ವಾಲಿಬಾಲ್ ಆಡೋದಕ್ಕೆ ಆಗುತ್ತಿಲ್ಲ. "ಸಾಧಾರಣ ಅಂತ ಹಾಕಿ ಸಾರ್" ಅಂದ.

ಫಾರಂನಲ್ಲಿ ಅಜ್ಜಿ 2, ಯುವಕ 3. ಅಂದರೆ ಅಜ್ಜಿಯೇ ಹೆಚ್ಚು ಗಟ್ಟಿ! ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರ ಅಳತೆಗೋಲು ಬೇರೆ, ಅಷ್ಟೇ.

ಇದು ಒಂದು ಬೀದಿಯ ವಿಷಯವಾಗಿದ್ದರೆ ಸುಮ್ನೆ ಬಿಡಬಹುದಿತ್ತು. ಆದರೆ 2002ರಲ್ಲಿ ಅಮರ್ತ್ಯ ಸೇನ್ ಇದೇ ತೊಡಕನ್ನು ರಾಜ್ಯಗಳ ಮಟ್ಟದಲ್ಲಿ ತೋರಿಸಿದರು. ಜನ ತಾವಾಗಿ ಹೇಳಿಕೊಂಡ ಕಾಯಿಲೆಯ ಲೆಕ್ಕ ತೆಗೆದರೆ ಕೇರಳದಲ್ಲೇ ಅತಿ ಹೆಚ್ಚು, ಬಿಹಾರದಲ್ಲಿ ತೀರಾ ಕಡಿಮೆ. ಆಯಸ್ಸು ನೋಡಿದರೆ ದೇಶದಲ್ಲೇ ಹೆಚ್ಚು ವರ್ಷ ಬದುಕುತ್ತಿದ್ದವರು ಕೇರಳದವರು. ಓದಿದವರು, ಹತ್ತಿರದಲ್ಲಿ ಆಸ್ಪತ್ರೆ ಇರುವವರು ಸಣ್ಣ ತೊಂದರೆಯನ್ನೂ ಗುರುತಿಸುತ್ತಾರೆ. ಡಾಕ್ಟರನ್ನೇ ಕಾಣದ ಊರಿನಲ್ಲಿ ಸೊಂಟ ನೋವು ಅನ್ನೋದು ಕಾಯಿಲೆಯೇ ಅಲ್ಲ, ಅದು ದಿನನಿತ್ಯದ ಬದುಕು. ಬರೀ ಆ ಅಂಕಿ ನಂಬಿ ಆರೋಗ್ಯದ ಹಣ ಹಂಚಿದರೆ ಬೇಕಾದವರಿಗೇ ಸಿಗುವುದಿಲ್ಲ. ನನಗೆ ಸಂಕಟ ಆಗುವುದು ಅಲ್ಲಿ.

ಇದನ್ನು ಸರಿಪಡಿಸೋದಕ್ಕೆ ಒಂದು ದಾರಿ ಇದೆ. ಹೆಸರು ಆಂಕರಿಂಗ್ ವಿನ್ಯೆಟ್. ಅಮೆರಿಕದ ರಾಜ್ಯಶಾಸ್ತ್ರಜ್ಞ ಗ್ಯಾರಿ ಕಿಂಗ್ ಮತ್ತು ಮೂವರು ಜೊತೆಗಾರರು 2004ರ ತಮ್ಮ ಲೇಖನದಲ್ಲಿ ಇದನ್ನು ವಿವರವಾಗಿ ಇಟ್ಟರು. ವಿಷಯ ಸರಳ. ವ್ಯಕ್ತಿಗೆ ತನ್ನ ಬಗ್ಗೆ ಕೇಳುವುದರ ಜೊತೆಗೆ, ಎರಡು ಮೂರು ಸಾಲಿನ ಕಾಲ್ಪನಿಕ ಕತೆ ಹೇಳಿ, ಕತೆಯಲ್ಲಿರುವವರಿಗೆ ಎಷ್ಟು ತೊಂದರೆ ಇದೆ ಅಂತ ಅದೇ ಐದು ಪದಗಳಲ್ಲಿ ಹೇಳಿಸುವುದು. ಕತೆ ಎಲ್ಲರಿಗೂ ಒಂದೇ. ಹಾಗಾಗಿ ಅದಕ್ಕೆ ಕೊಡುವ ಅಂಕ ಬೇರೆಬೇರೆ ಬಂದರೆ, ಬೇರೆಯಾಗಿರುವುದು ಹೇಳುವವರ ಅಳತೆಗೋಲು. ಅವರು ಮೊದಲು ಮಾಡಿ ತೋರಿಸಿದ್ದು ಚೀನಾ ಮತ್ತು ಮೆಕ್ಸಿಕೊದಲ್ಲಿ. ಸರ್ಕಾರದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಅಂತ ಕೇಳಿದರೆ, ಮತ ಹಾಕಿ ಸರ್ಕಾರವನ್ನೇ ಬದಲಿಸಿದ್ದ ಮೆಕ್ಸಿಕೊದವರಿಗಿಂತ ಚೀನಾದವರು ಜಾಸ್ತಿ ಅಂಕ ಕೊಟ್ಟುಕೊಂಡರು. ಆಮೇಲೆ ಮೋಸೆಸ್ ಅನ್ನುವವನ ಕತೆ. ಅವನಿಗೆ ಕುಡಿಯುವ ನೀರಿಲ್ಲ, ಮತ ಹಾಕುವಂತಿಲ್ಲ, ಕೇಳುವವರಿಲ್ಲ, ಸುಮ್ಮನೆ ಅನುಭವಿಸುತ್ತಿದ್ದಾನೆ. ಚೀನಾದಲ್ಲಿ ಉತ್ತರಿಸಿದವರಲ್ಲಿ ಸುಮಾರು 40% ಜನ ತಮ್ಮನ್ನು ಆ ಮೋಸೆಸ್‌ಗಿಂತಲೂ ಕೆಳಗೆ ಇಟ್ಟುಕೊಂಡಿದ್ದರು.

ಈಗ ನಮ್ಮ ಬೀದಿಗೆ ವಾಪಸ್ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ವರ್ಲ್ಡ್ ಹೆಲ್ತ್ ಸರ್ವೆ ಭಾರತದ ಆರು ರಾಜ್ಯಗಳಲ್ಲಿ ನಡೆದಿತ್ತು, ಕರ್ನಾಟಕವೂ ಅದರಲ್ಲಿತ್ತು, ಅದರಲ್ಲೂ ಇಂಥ ಕತೆಗಳಿದ್ದವು. ನಾವು ಕೇಳಿದ್ದು ಅದೇ ಬಗೆಯ ಮೂರು ಕತೆ. ಮೊದಲನೆಯವರು 200 ಮೀಟರ್ ಆರಾಮಾಗಿ ನಡೆಯುತ್ತಾರೆ, ಒಂದು ಕಿಲೋಮೀಟರ್ ನಡೆದರೆ ಸುಸ್ತು. ಎರಡನೆಯವರಿಗೆ 200 ಮೀಟರಿಗೇ ಎದೆ ನೋವು, ಉಸಿರಾಟ ಕಷ್ಟ, ಬಗ್ಗಿದರೂ ನೋವು. ಮೂರನೆಯವರಿಗೆ ಕುರ್ಚಿಯಿಂದ ಏಳೋದಕ್ಕೇ ಇನ್ನೊಬ್ಬರು ಬೇಕು.

ಅಜ್ಜಿ ಇವರಿಗೆ ಕೊಟ್ಟ ಅಂಕ 1, 2, 4. ಯುವಕ ಕೊಟ್ಟಿದ್ದು 4, 5, 5. ಈಗ ಅವರವರ ಅಂಕವನ್ನು ಅವರವರ ಕತೆಗಳ ಜೊತೆಗೇ ಹೋಲಿಸಬೇಕು, ಒಬ್ಬರನ್ನು ಇನ್ನೊಬ್ಬರ ಜೊತೆ ಅಲ್ಲ. ಮೂರು ಕತೆ ಇದ್ದರೆ ಏಳು ಜಾಗ ಸಿಗುತ್ತವೆ: ಮೊದಲನೆಯವರಿಗಿಂತ ಕಡಿಮೆ ತೊಂದರೆ ಇದ್ದರೆ 1, ಅವರಷ್ಟೇ ಇದ್ದರೆ 2, ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಇದ್ದರೆ 3, ಹೀಗೆ ಮೂರನೆಯವರಿಗಿಂತ ಜಾಸ್ತಿ ಇದ್ದರೆ 7. ಅಜ್ಜಿ ತನಗೆ 2 ಕೊಟ್ಟುಕೊಂಡರು, ಎರಡನೇ ಕತೆಗೂ 2, ಹಾಗಾಗಿ ಅವರ ಜಾಗ 4. ಯುವಕ ತನಗೆ 3 ಅಂದ, ಅದು ಮೊದಲನೇ ಕತೆಯ 4ಕ್ಕಿಂತ ಕಡಿಮೆ, ಅವನ ಜಾಗ 1. ಲೆಕ್ಕ ತಲೆಕೆಳಗಾಯಿತು. ಈಗ ಬಂದಿದ್ದೇ ಕಣ್ಣಿಗೆ ಕಂಡಿದ್ದಕ್ಕೆ ಹೊಂದುತ್ತದೆ.

ಯುವಕ ಎರಡನೇ ಮತ್ತು ಮೂರನೇ ಕತೆಗೆ ಒಂದೇ ಅಂಕ ಕೊಟ್ಟಿದ್ದನ್ನು ಗಮನಿಸಿದಿರಾ? ಇಲ್ಲಿ ಅದರಿಂದ ತೊಂದರೆ ಆಗಲಿಲ್ಲ. ಆದರೆ ಅವನು ತನಗೂ 5 ಅಂದಿದ್ದರೆ, ಅವನ ಜಾಗ 4ರಿಂದ 6ರ ನಡುವೆ ಎಲ್ಲೋ ಇದೆ ಅಂತ ಮಾತ್ರ ಹೇಳಬಹುದಿತ್ತು. ಇನ್ನು ಕೆಲವರು ಎರಡನೆಯವರಿಗಿಂತ ಮೊದಲನೆಯವರಿಗೇ ಜಾಸ್ತಿ ಕಷ್ಟ ಅನ್ನುತ್ತಾರೆ. ಅಲ್ಲೊಬ್ಬರು ಇಲ್ಲೊಬ್ಬರು ಹಾಗಂದರೆ ಕೇಳಿಸಿಕೊಂಡಿಲ್ಲ ಅಂತ ಬಿಡಬಹುದು. ಒಂದೇ ಊರಿನಲ್ಲಿ ತುಂಬಾ ಜನ ಹಾಗಂದರೆ ತಪ್ಪು ಕತೆಯಲ್ಲಿದೆ, ಅನುವಾದದಲ್ಲಿದೆ. ನಮಗೆ ಹಾಗೆ ಆಗಿದ್ದು ಮೆಟ್ಟಿಲಿನಿಂದ. ಮೊದಲನೇ ಕತೆಯಲ್ಲಿ "ಒಂದು ಮಹಡಿಗಿಂತ ಜಾಸ್ತಿ ಹತ್ತಿದರೆ ಸುಸ್ತು" ಅಂತಲೂ ಇತ್ತು. ಹಂಚಿನ ಮನೆಗಳ ಊರಿನಲ್ಲಿ ಎರಡು ಮಹಡಿ ಹತ್ತುವವರು ಯಾರು? ಅದನ್ನು ದೊಡ್ಡ ಕಷ್ಟ ಅಂತ ಕೆಲವರು ತಿಳಿದರು, ಕೆಲವರು ಆ ಮಾತನ್ನೇ ಬಿಟ್ಟರು.

ಈ ವಿಧಾನ ಎರಡು ನಂಬಿಕೆಗಳ ಮೇಲೆ ನಿಂತಿದೆ. ಒಂದು, ಕತೆ ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆ ಅನ್ನೋದು. ಇನ್ನೊಂದು, ಒಬ್ಬರು ತಮ್ಮನ್ನು ಅಳೆಯುವ ಕೋಲಿನಲ್ಲೇ ಕತೆಯವರನ್ನೂ ಅಳೆಯುತ್ತಾರೆ ಅನ್ನೋದು. ನನಗೆ ಭಯ ಇರುವುದು ಎರಡನೆಯದರಲ್ಲಿ. ಇನ್ನೊಂದು ಮನೆಯ ಅಮ್ಮ ಎರಡನೇ ಕತೆ ಕೇಳಿ "ಅಯ್ಯೋ ಪಾಪ, ಜಾಸ್ತಿ ಕಷ್ಟ ಅವಳಿಗೆ" ಅಂದರು. ಅವರಿಗೂ ಹೆಚ್ಚುಕಮ್ಮಿ ಅದೇ ಸ್ಥಿತಿ, ಆದರೆ ತಮ್ಮ ಬಗ್ಗೆ "ಏನೂ ಇಲ್ಲ". ಪರರ ನೋವಿಗೆ ಮರುಗಿ ತಮ್ಮದನ್ನು ನುಂಗಿಕೊಳ್ಳುವ ಹೆಂಗಸರು ನಮ್ಮಲ್ಲಿ ಎಷ್ಟು ಜನ! ಅಂಥ ಕಡೆ ಲೆಕ್ಕ ಸರಿಹೋಗುವುದಿಲ್ಲ, ಅವರನ್ನು ಇನ್ನೂ ಆರೋಗ್ಯವಂತರಾಗಿ ತೋರಿಸುತ್ತದೆ. ಇದನ್ನು ಹಿಡಿಯೋದಕ್ಕೆ ಕತೆಗಳಿಂದ ಆಗುವುದಿಲ್ಲ, ಹೊರಗಿನ ಅಳತೆ ಬೇಕು. ನೆಲದ ಮೇಲೆ 4 ಮೀಟರ್ ಗುರುತು ಹಾಕಿ, ನಡೆಯೋದಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಅಂತ ನೋಡಿದರೆ ಸಾಕು. ಸರಿಪಡಿಸಿದ ಅಂಕ ಆ ಸೆಕೆಂಡುಗಳಿಗೆ ಜನ ತಾವಾಗಿ ಹೇಳಿದ ಅಂಕಕ್ಕಿಂತ ಹತ್ತಿರ ಬರದಿದ್ದರೆ, ಕತೆಗಳನ್ನು ನಂಬಬೇಡಿ ಅಂತಲೇ ನಾನು ಹೇಳುತ್ತೇನೆ.

ಕೆಲವರು ಎಲ್ಲರಿಗೂ ನಡಿಗೆ ಅಳೆದುಬಿಡಿ, ಕತೆ ಯಾಕೆ ಅನ್ನುತ್ತಾರೆ. ನಡಿಗೆಗೆ ಸರಿ. ನೋವಿಗೆ, ನಿದ್ದೆಗೆ, ಬೇಸರಕ್ಕೆ ಯಾವ ಟೇಪು ಹಿಡಿಯುತ್ತೀರಿ? ಅಲ್ಲಿ ಜನರ ಮಾತೇ ಗತಿ.

ಪ್ರಶ್ನಾವಳಿ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕತೆಗಳನ್ನು ಮೊದಲು ಕೇಳಿ, ಆಮೇಲೆ ಅವರ ಬಗ್ಗೆ ಕೇಳಿ, ಆಗ ಐದು ಪದಗಳ ಅರ್ಥ ಅವರ ಮನಸ್ಸಿನಲ್ಲಿ ಕೂತಿರುತ್ತದೆ. ಕತೆಯವರು ನಿಮ್ಮ ವಯಸ್ಸಿನವರೇ ಅಂದುಕೊಳ್ಳಿ ಅಂತ ಹೇಳಿ, ಇಲ್ಲದಿದ್ದರೆ ಅಜ್ಜಿ ತನ್ನ ಮೊಮ್ಮಗಳನ್ನು ನೆನೆಸಿಕೊಂಡು ಅಂಕ ಕೊಡುತ್ತಾರೆ. ಹೆಂಗಸರಿಗೆ ಹೆಂಗಸಿನ ಹೆಸರು ಇಡಿ. ಊರಿಗೆ ಹೋಗುವ ಮುಂಚೆ ಹತ್ತು ಜನರ ಮುಂದೆ ಕತೆ ಓದಿ ನೋಡಿ. ನಾವು ಆಮೇಲೆ ಮಹಡಿ ತೆಗೆದು "ಬಾವಿಯಿಂದ ಮನೆಗೆ ಒಂದು ಕೊಡ ನೀರು ತಂದರೆ ಸುಸ್ತು" ಅಂತ ಹಾಕಿದೆವು. ಮಾರನೇ ದಿನ ಒಬ್ಬರೂ "ಏನಂದ್ರಿ?" ಅಂತ ತಿರುಗಿ ಕೇಳಲಿಲ್ಲ.