ಸಣ್ಣ ಅಂಗಡಿಯವರ ಜೊತೆ ಸೇರಿ ಪ್ರಚಾರ ಮಾಡುವ ಮುಂಚೆ

ಮೈಸೂರಲ್ಲಿ ನಮ್ಮದು ಸೀರೆ ಅಂಗಡಿ. ನಾಲ್ಕು ಬೀದಿ ಆಚೆ ಒಬ್ಬರು ಸೀರೆಗೆ ಕುಚ್ಚು ಕಟ್ಟಿಕೊಡುತ್ತಾರೆ. ಫಾಲ್, ಜಿಗ್‌ಜಾಗ್ ಕೂಡ ಹೊಲಿಯುತ್ತಾರೆ. ಅವರನ್ನೂ ಸೇರಿಸಿ ಒಟ್ಟು ಮೂರು ಜನ ಹೆಂಗಸರು. ಸೀರೆ ಕೊಂಡವರಿಗೆ ಕುಚ್ಚು ಬೇಕು, ಕುಚ್ಚು ಕಟ್ಟಿಸಲು ಬರುವವರು ಮತ್ತೆ ಸೀರೆ ಕೊಳ್ಳುತ್ತಾರೆ. ಒಟ್ಟಿಗೆ ಪ್ರಚಾರ ಮಾಡಿದರೆ ಇಬ್ಬರಿಗೂ ಒಳ್ಳೆಯದು ಅಂತ ಹೋಗಿ ಕೇಳಿದೆ.

ನಾನು ಹೇಳಿದ್ದು ಇಷ್ಟೇ: ನಮ್ಮ ಗಿರಾಕಿಗಳನ್ನು ನಿಮ್ಮ ಹತ್ತಿರ ಕಳಿಸುತ್ತೇನೆ, ನೀವು ಅವರಿಗೆ ಶೇಕಡಾ 15 ಕಡಿಮೆ ಮಾಡಿ. ಅವರು ಒಂದು ಚೀಟಿ ತೆಗೆದು ಲೆಕ್ಕ ಬರೆದು ತೋರಿಸಿದರು. ಕುಚ್ಚಿಗೆ 450 ರೂಪಾಯಿ. ದಾರ, ಮಣಿಗೆ 90 ಹೋಗುತ್ತೆ. ಕಟ್ಟಿದವರ ಕೂಲಿ 200. ಉಳಿಯೋದು 160. ಅದರಲ್ಲೇ ಬಾಡಿಗೆ, ಕರೆಂಟು. ನಾನು ಕೇಳಿದ ರಿಯಾಯಿತಿ ಅರವತ್ತೇಳೂವರೆ ರೂಪಾಯಿ. "ಅಣ್ಣಾ, ಕೆಲಸ ಜಾಸ್ತಿ ಬಂದರೂ ಒಂದೊಂದು ಕುಚ್ಚಿಗೂ ನನಗೆ ಕಡಿಮೆ ಉಳಿಯುತ್ತೆ ಅಲ್ವಾ?" ಅಂದರು.

ಆ ಮಾತು ನನ್ನನ್ನು ತಟ್ಟಿತು. ನಾನು ಕೊಡ್ತೀನಿ ಅಂದಿದ್ದ ಗಿರಾಕಿಗಳಿಂದ ನನ್ನ ಜೇಬಿಗೆ ಒಂದು ರೂಪಾಯಿಯೂ ಖರ್ಚಿರಲಿಲ್ಲ. ಕಡಿಮೆ ಮಾಡಬೇಕಾದವರು ಅವರೊಬ್ಬರೇ. ದೊಡ್ಡ ಅಂಗಡಿಯವರು ಸಣ್ಣವರ ಹತ್ತಿರ ಹೋದಾಗ ಹೀಗೆ ಕೇಳುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ. ಮೊದಲ ಖರ್ಚು ದೊಡ್ಡವರದೇ ಆಗಬೇಕು.

ಎರಡನೇ ಸಲ ಹೋದಾಗ ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ಸೀರೆ ಆಗುತ್ತೆ ಅಂತ. ಒಂದು ಕುಚ್ಚಿಗೆ ಎರಡೂವರೆ, ಮೂರು ಗಂಟೆ ಕೂರಬೇಕು. ಮೂವರು ಸೇರಿ ದಿನಕ್ಕೆ ಒಂಬತ್ತು ಮಾಡುತ್ತಾರೆ. ಅದರಲ್ಲಿ ಆರು ಹಳೆಯ ಗಿರಾಕಿಗಳದೇ. ಅಂದರೆ ನನಗೆ ಖಾಲಿ ಇರೋದು ಮೂರು. ಇದನ್ನು ಕೇಳದೆ ದಿನಕ್ಕೆ ಹದಿನೈದು ಜನರನ್ನು ಕಳಿಸಿದ್ದರೆ ಏನಾಗುತ್ತಿತ್ತು? ಹೇಳಿದ ದಿನಕ್ಕೆ ಸೀರೆ ಸಿಗದೆ ಅವರ ಹಳೆಯ ಗಿರಾಕಿಗಳೇ ಬಿಟ್ಟುಹೋಗುತ್ತಿದ್ದರು. ಕೆಟ್ಟ ಹೆಸರು ಅವರಿಗೆ, ಆಮೇಲೆ ನನಗೂ.

ಹಾಗಾಗಿ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡೆವು. ಎಂಟು ವಾರ ಮಾತ್ರ. 4,000 ರೂಪಾಯಿ ಮೇಲಿನ ಸೀರೆ ಕೊಂಡವರಿಗೆ ದಿನಕ್ಕೆ ಮೂರೇ ಚೀಟಿ, ತಾರೀಕು ಹಾಕಿ. ಆ ಚೀಟಿಗೆ ಫಾಲ್, ಜಿಗ್‌ಜಾಗ್ ಉಚಿತ. ಅದರ ಪೂರ್ತಿ 120 ರೂಪಾಯಿ ನಾನು ಕೊಡಬೇಕು. ಅದೂ ತಿಂಗಳ ಕೊನೆಗಲ್ಲ, ಪ್ರತಿ ಶನಿವಾರ. ಕುಚ್ಚಿಗೆ ಗಿರಾಕಿ ಪೂರ್ತಿ ರೇಟೇ ಕೊಡುತ್ತಾರೆ. ಅವರು ಕುಚ್ಚು ಕಟ್ಟಿದ ಎರಡು ಸೀರೆ ನಮ್ಮ ಅಂಗಡಿಯಲ್ಲಿ ನೇತುಹಾಕಿದೆವು, ಅವರ ಅಂಗಡಿಯ ಹೆಸರಿನಲ್ಲೇ. ಅವರು ನಮ್ಮಲ್ಲಿಗೆ ಕಳಿಸುವ ಗಿರಾಕಿಗಳಿಗೆ ಬೇರೆ ಬಣ್ಣದ ಚೀಟಿ. ಬೇರೆ ಸೀರೆ ಅಂಗಡಿಯವರ ಕೆಲಸ ಬಿಡಿ ಅಂತ ನಾನು ಕೇಳಲಿಲ್ಲ. ಗಿರಾಕಿಗಳ ಫೋನ್ ನಂಬರ್‌ಗಳನ್ನೂ ಅದಲು ಬದಲು ಮಾಡಿಕೊಳ್ಳಲಿಲ್ಲ. ಗಿರಾಕಿಗಳು ನಂಬಿ ಕೊಟ್ಟ ನಂಬರ್ ಅದು.

ಒಂದು ವಿಷಯ ಬರೆದುಕೊಳ್ಳೋದು ಮರೆತಿದ್ದೆವು. ಎರಡನೇ ವಾರ ಒಬ್ಬರ ಸೀರೆಯ ಸೆರಗಿನಲ್ಲಿ ಕಲೆ ಇತ್ತು. ಕಲೆ ನಮ್ಮಲ್ಲೇ ಆಗಿದ್ದಾ, ಅಲ್ಲಿ ಆಗಿದ್ದಾ? ಯಾರಿಗೂ ಗೊತ್ತಿಲ್ಲ. ಸೀರೆ ನಾನೇ ಬದಲಾಯಿಸಿಕೊಟ್ಟೆ. ಅವತ್ತಿನಿಂದ ಸೀರೆ ಒಪ್ಪಿಸುವಾಗ ಗಿರಾಕಿ ಎದುರಿಗೇ ಸೆರಗು, ಅಂಚು ಬಿಚ್ಚಿ ನೋಡಿ ಚೀಟಿ ಮೇಲೆ ಬರೆಯುತ್ತಾರೆ.

ಎಂಟು ವಾರ ಆದಮೇಲೆ ಚೀಟಿಗಳನ್ನು ಎಣಿಸಿದೆವು. ನಾನು ಕೊಟ್ಟಿದ್ದು 118, ಅಲ್ಲಿಗೆ ಹೋಗಿದ್ದು 86. ಅದರಲ್ಲಿ 52 ಜನ ಕುಚ್ಚೂ ಕಟ್ಟಿಸಿದ್ದರು. ನಾನು ಫಾಲ್‌ಗೆ ಕೊಟ್ಟಿದ್ದು 10,320 ರೂಪಾಯಿ. ಅವರ ಕಡೆಯಿಂದ ನಮ್ಮಲ್ಲಿಗೆ 21 ಜನ ಬಂದು 12 ಜನ ಸೀರೆ ಕೊಂಡರು. ಅದರಲ್ಲಿ ನನಗೆ ಉಳಿದಿದ್ದು ಸುಮಾರು 8,400. ಅಂದರೆ ಚೀಟಿ ಲೆಕ್ಕದಲ್ಲಿ ನನಗೆ ನಷ್ಟ. ಉಚಿತ ಫಾಲ್ ಇದೆ ಅಂತಲೇ ಸೀರೆ ಕೊಂಡವರು ಎಷ್ಟು ಜನ, ಅದನ್ನು ಚೀಟಿ ಹೇಳೋದಿಲ್ಲ. ಹೆಚ್ಚಿನವರು ಹೇಗೂ ಕೊಳ್ಳುತ್ತಿದ್ದರು ಅಂತಲೇ ನನಗನ್ನಿಸುತ್ತೆ.

ನಾನು ಈ ಲೆಕ್ಕ ಮುಚ್ಚಿಡದೆ ಅವರ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ನೋಡಿ ಅವರೇ ದಾರಿ ಹೇಳಿದರು. "ಫಾಲ್ ದುಡ್ಡು ಅರ್ಧ ಕೊಡಿ ಸಾಕು. ಆದರೆ ಕುಚ್ಚಿನ ಡಿಸೈನ್ ನಿಮ್ಮ ಕೌಂಟರ್‌ನಲ್ಲೇ ಆರಿಸಲಿ. ಸೀರೆ ಕೈಯಲ್ಲಿ ಇರುವಾಗ ಜನ ಬೇಗ ಒಪ್ಪುತ್ತಾರೆ." ಈಗ ನಮ್ಮ ಕೌಂಟರ್ ಮೇಲೆ ಅವರ ಹನ್ನೆರಡು ಕುಚ್ಚಿನ ಮಾದರಿಗಳಿವೆ. ಹೊಸ ಹಾಳೆಗೆ ಅವರು ಒಂದು ಸಾಲು ಸೇರಿಸಿದ್ದಾರೆ: ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಮೂರು ವಾರ ಚೀಟಿ ಕೊಡಬಾರದು. ಆ ಮೂರು ವಾರ ಅವರ ಹಳೆಯ ಗಿರಾಕಿಗಳದು. ನಾನು ಸಹಿ ಹಾಕಿದೆ.