ಕೇಳುವುದೊಂದನ್ನು ಬಿಟ್ಟು ಎಲ್ಲ ಬರೆದಿದ್ದೆ

ನನ್ನ ಮೊದಲ ಇಂಟರ್ನ್‌ಶಿಪ್ ಮೇಲ್‌ಗೆ 11 ನಿಮಿಷದಲ್ಲಿ ಉತ್ತರ ಬಂತು. ಕಂಪನಿಯ ಮ್ಯಾನೇಜರ್ ಇಷ್ಟು ಬೇಗ ಉತ್ತರ ಬರೆದಿದ್ದಾರೆ ಅಂದರೆ ಕೆಲಸ ಆದಂತೆಯೇ ಅಂದುಕೊಂಡೆ. ಅದನ್ನು ತೆರೆಯುವ ಮೊದಲೇ ಅಕ್ಕನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಆಮೇಲೆ ತೆರೆದು ನೋಡಿದೆ. ಒಂದೇ ಸಾಲು ಇತ್ತು.

"ನಮಸ್ಕಾರ. ನಿಮಗೆ ನಮ್ಮಿಂದ ಏನು ಬೇಕು?"

ನನಗೆ ಸಿಟ್ಟೇ ಬಂತು. ಎರಡು ರಾತ್ರಿ ಕೂತು ಬರೆದ ಮೇಲ್ ಅದು. ಆರುನೂರು ಪದ ದಾಟಿತ್ತು. ಅಷ್ಟೆಲ್ಲ ಓದಿಯೂ ಏನು ಬೇಕು ಅಂತ ಕೇಳ್ತಾರಲ್ಲ! ಮ್ಯಾನೇಜರ್‌ಗೆ ಓದುವ ವ್ಯವಧಾನ ಇಲ್ಲ ಅಂತ ಗೊಣಗುತ್ತಾ ನನ್ನ ಮೇಲ್ ಅನ್ನೇ ಮತ್ತೆ ತೆಗೆದು ಓದಿದೆ.

ವಿಷಯದ ಸಾಲಿನಲ್ಲಿ "ಇಂಟರ್ನ್‌ಶಿಪ್ ಬಗ್ಗೆ" ಅಂತಷ್ಟೇ ಇತ್ತು. ಬೇಕು ಅಂತಲೋ, ಬೇಡ ಅಂತಲೋ, ಇಂಟರ್ನ್‌ಶಿಪ್ ಬಗ್ಗೆ ಪ್ರಬಂಧವೋ, ಯಾರಿಗೂ ಗೊತ್ತಾಗುವಂತಿರಲಿಲ್ಲ. ಕೆಳಗೆ "ರೆಸ್ಪೆಕ್ಟೆಡ್ ಸರ್". ಮ್ಯಾನೇಜರ್ ಹೆಂಗಸು. ಅವರ ಹೆಸರು, ಫೋಟೊ ಎರಡೂ ಕಂಪನಿಯ ವೆಬ್‌ಸೈಟ್‌ನಲ್ಲಿ ಇದ್ದವು. ಮೇಲ್ ವಿಳಾಸ ನಕಲು ಮಾಡಿಕೊಂಡದ್ದೂ ಅದೇ ಪುಟದಿಂದ.

ಆಮೇಲೆ ಪರಿಚಯ ಶುರು. ಮೊದಲ ಪ್ಯಾರಾದಲ್ಲಿ ನಾನು ಚಿಕ್ಕಂದಿನಿಂದಲೂ ಕಂಪ್ಯೂಟರ್ ಅಂದರೆ ಪ್ರಾಣ ಬಿಡುವವನು. ಎರಡನೆಯದರಲ್ಲಿ ಶ್ರಮಜೀವಿ, ಸಮಯಪಾಲಕ, ತಂಡದ ಜೊತೆ ಹೊಂದಿಕೊಳ್ಳುವವನು, ಅಗತ್ಯ ಬಿದ್ದರೆ ಒಬ್ಬನೇ ದುಡಿಯುವವನು. ಮೂರನೆಯದರಲ್ಲಿ ಅವರ ಕಂಪನಿ ಎಷ್ಟು ದೊಡ್ಡದು ಅಂತ ಅವರಿಗೇ ವಿವರಿಸಿದ್ದೆ. ನಾಲ್ಕನೆಯದು ಮಾತ್ರ ಕೇಳಿಕೆಯ ಹತ್ತಿರ ಹತ್ತಿರ ಬಂದಿತ್ತು: "ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಯಾವುದೇ ವಿಭಾಗದಲ್ಲಿ ಯಾವುದೇ ಅವಕಾಶ ದೊರೆತರೂ ಕೃತಾರ್ಥನಾಗುವೆ." ಕೊನೆಗೆ "ತಮ್ಮ ವಿಧೇಯ ವಿದ್ಯಾರ್ಥಿ". ಜ್ವರ ಬಂದಾಗ ಮೇಷ್ಟ್ರಿಗೆ ಬರೆಯುತ್ತಿದ್ದ ರಜಾ ಅರ್ಜಿಯೇ ಉದ್ದ ಬೆಳೆದು ಪ್ಯಾಂಟ್ ಹಾಕಿಕೊಂಡು ನಿಂತಂತಿತ್ತು.

ಹಾಂ, ರೆಸ್ಯೂಮೆಯನ್ನು ಲಗತ್ತಿಸಿದ್ದೇನೆ ಅಂತಲೂ ಬರೆದಿದ್ದೆ. ಲಗತ್ತಿಸಿರಲಿಲ್ಲ. ಹೀಗೆ ಬರೆದು ಫೈಲ್ ಹಾಕದೇ ಹೋದರೆ ಜಿಮೇಲ್ ಎಚ್ಚರಿಸುತ್ತದೆ. ಆದರೆ ಅದು ಆ ಥರದ ಮಾತು ಕಣ್ಣಿಗೆ ಬಿದ್ದರೆ ಮಾತ್ರ. ನಾನು ಬಳಸಿದ್ದು ಎಂಥ ಭಾರವಾದ ಇಂಗ್ಲಿಷ್ ಅಂದರೆ, ಪಾಪ, ಅದಕ್ಕೂ ಅರ್ಥ ಆಗಿರಲಿಕ್ಕಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಏನು ಬೇಕು ಅಂತ ಕೇಳಿದವರಿಗೆ ವಿನಯದಿಂದ ಉತ್ತರಿಸಿದೆ: "ತಾವು ಏನು ಕೊಟ್ಟರೂ ಸರಿ ಮೇಡಂ." ಈ ಸಲ 11 ನಿಮಿಷ ಅಲ್ಲ, 11 ದಿನ ಕಾದೆ. ಉತ್ತರ ಬರಲಿಲ್ಲ.

ಅಕ್ಕ ಒಂದು ಕಚೇರಿಯಲ್ಲಿ ಎಂಟು ಜನರ ತಂಡ ನೋಡಿಕೊಳ್ಳುತ್ತಾಳೆ. ಇಂಥ ಮೇಲ್‌ಗಳು ಅವಳಿಗೂ ಬರುತ್ತವೆ. ನನ್ನದನ್ನು ಅವಳ ಫೋನಿಗೆ ಕಳಿಸಿದೆ. ಅವಳು ತೆರೆದಳು, ಹೆಬ್ಬೆರಳಿನಲ್ಲಿ ಒಮ್ಮೆ ಮೇಲಕ್ಕೆ ತಳ್ಳಿದಳು, ಇನ್ನೊಮ್ಮೆ ತಳ್ಳಿದಳು, ಮತ್ತೊಮ್ಮೆ ತಳ್ಳಿದಳು, ಮುಚ್ಚಿದಳು. ನಾಲ್ಕು ಸೆಕೆಂಡ್ ಆಗಿರಬಹುದು.

"ಓದಿದ್ಯಾ?"

"ಹೂಂ. ಮೀಟಿಂಗ್‌ಗೂ ಮೀಟಿಂಗ್‌ಗೂ ನಡುವೆ ಓದೋದು ಹೀಗೇ ಕಣೋ."

ನಂತರ ಅವಳು ಹೇಳಿದ್ದು ನನಗೆ ಯಾರೂ ಹೇಳಿರಲಿಲ್ಲ. ಏನು ಕೊಟ್ಟರೂ ಸರಿ ಅನ್ನುವುದು ಬರೆಯುವವನಿಗೆ ವಿನಯ, ಓದುವವರಿಗೆ ಹೋಂವರ್ಕ್. ಒಬ್ಬ ಇಂಟರ್ನ್ ಬೇಕು ಅಂದರೆ ಮ್ಯಾನೇಜರ್ ಸುಮ್ನೆ ಹೂಂ ಅಂದರೆ ಮುಗಿಯುವುದಿಲ್ಲ. ಯಾವ ತಂಡಕ್ಕೆ ಹಾಕೋದು, ಆ ತಿಂಗಳು ಅವನಿಗೆ ಕೊಡಲು ಬಿಡಿ ಕೆಲಸ ಇದೆಯಾ, ತಂಡದಲ್ಲಿ ಯಾರು ದಿನಾ ಅರ್ಧ ಗಂಟೆ ಅವನಿಗಾಗಿ ಎತ್ತಿಡ್ತಾರೆ, ಲ್ಯಾಪ್‌ಟಾಪ್ ಇದೆಯಾ, ಸಿಬ್ಬಂದಿ ವಿಭಾಗದವರಿಗೆ ಯಾವ ದಿನಾಂಕ ಕೊಡೋದು, ಇಷ್ಟೂ ನೋಡಬೇಕು. "ಯಾವುದಾದರೂ ವಿಭಾಗ, ಯಾವಾಗಲಾದರೂ" ಅಂತ ಬರೆದರೆ ಇದೆಲ್ಲವನ್ನೂ ಅವರೇ ನಿನ್ನ ಪರವಾಗಿ ಯೋಚಿಸಬೇಕು. ಯಾರಿಗೆ ಪುರುಸೊತ್ತಿದೆ?

"ನಾನು ಇಂಥ ಮೇಲ್‌ನಲ್ಲಿ ಹುಡುಕೋದು ಒಂದೇ. ಇದನ್ನ ಹಾಗೇ ತಂಡದ ಒಬ್ಬರಿಗೆ ಫಾರ್ವರ್ಡ್ ಮಾಡಿ 'ಇವನನ್ನ ತಗೊಳ್ತೀರಾ' ಅಂತ ಕೇಳಬಹುದಾ? ಅವರು ಹೂಂ ಅಥವಾ ಊಹೂಂ ಅನ್ನೋಕೆ ಬೇಕಾದ್ದೆಲ್ಲ ಅದರಲ್ಲೇ ಇದೆಯಾ? ನಿನ್ನದರಲ್ಲಿ ನೀನು ಸಮಯಪಾಲಕ ಅಂತಿದೆ. ಯಾವ ಸಮಯ ಅಂತ ಇಲ್ಲ."

ಸರಿ, ಮತ್ತೆ ಬರೆಯಲು ಕೂತೆ. ನನಗೆ ಬೇಕಾಗಿದ್ದದ್ದು ಏನು ಅಂತ ಕೇಳಿಕೊಂಡಾಗ ಬೆವರು ಬಂತು. ಮೂರು ವರ್ಷ ಓದಿದರೂ ನನಗೆ ಅದು ಗೊತ್ತಿರಲಿಲ್ಲ! ಕೋಡ್ ಬರೆಯುವುದಕ್ಕಿಂತ ಬೇರೆಯವರ ಕೋಡ್ ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದರಲ್ಲಿ ಖುಷಿ ಜಾಸ್ತಿ ಅಂತ ಕೊನೆಗೆ ಒಪ್ಪಿಕೊಂಡೆ. ಅಂದರೆ ಟೆಸ್ಟಿಂಗ್. ಪರೀಕ್ಷೆ ಮುಗಿಯುವುದು ಮೇ 22ಕ್ಕೆ, ಕಾಲೇಜು ಕೇಳುವುದು ಕನಿಷ್ಠ 6 ವಾರ, ರಜೆ ಇರುವುದು 8 ವಾರ. ಹಾಗಾಗಿ ಮೇ 25ರಿಂದ ಜುಲೈ 17. ಇದನ್ನು ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಲು ಎರಡು ನಿಮಿಷ ಸಾಕಾಯಿತು. ಮೊದಲ ಮೇಲ್‌ನಲ್ಲಿ "ಪ್ರಾಣ ಬಿಡುವವನು" ಅನ್ನುವ ಮಾತಿಗೆ ಸರಿಯಾದ ಇಂಗ್ಲಿಷ್ ಹುಡುಕಲು ಒಂದು ಗಂಟೆ ಕಳೆದಿದ್ದೆ.

ಪರಿಚಯ ಬರೆಯುವಾಗ ಶ್ರಮಜೀವಿ ಮತ್ತೆ ಇಣುಕಿದ. ಅಕ್ಕ ಅವನನ್ನು ಓಡಿಸಿದಳು. "ಎಲ್ಲರೂ ಅದನ್ನೇ ಬರೀತಾರೆ. ಸೋಮಾರಿ ಅಂತ ಬರೆದವನನ್ನ ನಾನಿನ್ನೂ ನೋಡಿಲ್ಲ. ಮಾಡಿದ್ದು ಒಂದಾದರೂ ಇದ್ದರೆ ಹೇಳು."

ಇದ್ದದ್ದು ಒಂದು, ಅದೂ ಮಾನ ಹೋದ ಪ್ರಸಂಗ. ಕಾಲೇಜಿನ ಲೈಬ್ರರಿಗೆ ನಾವು ಮೂವರು ಸೇರಿ ಒಂದು ಪ್ರೋಗ್ರಾಂ ಬರೆದಿದ್ದೆವು. ಪುಸ್ತಕ ಹಿಂತಿರುಗಿಸುವ ದಿನ ದಾಟಿದರೆ ಅದು ನೆನಪೋಲೆ ಕಳಿಸಬೇಕಿತ್ತು. ಮೊದಲ ರಾತ್ರಿಯೇ ಒಬ್ಬರೇ ಲೆಕ್ಚರರ್‌ಗೆ 43 ನೆನಪೋಲೆ ಹೋದವು. ಬೆಳಿಗ್ಗೆ ಅವರು ಪುಸ್ತಕ ಹಿಡಿದುಕೊಂಡು ಲೈಬ್ರರಿಗಲ್ಲ, ನಮ್ಮನ್ನೇ ಹುಡುಕಿಕೊಂಡು ಬಂದರು. ಓಲೆ ಕಳಿಸಿದ ಮೇಲೆ "ಕಳಿಸಿದ್ದಾಯಿತು" ಅಂತ ಗುರುತು ಹಾಕಿಕೊಳ್ಳುವುದನ್ನು ಪ್ರೋಗ್ರಾಂ ಮರೆಯುತ್ತಿತ್ತು. ಅದನ್ನು ಕಂಡುಹಿಡಿದವನು ನಾನು. ಮಾಡಿದವನೂ ನಾನೇ, ಆ ಮಾತು ಬೇರೆ. ಮತ್ತೆ ಹಾಗಾಗದಂತೆ ಪ್ರೋಗ್ರಾಂ ಅನ್ನು ತಪಾಸಣೆ ಮಾಡುವ ಆರು ಟೆಸ್ಟ್‌ಗಳನ್ನೂ ಬರೆದಿಟ್ಟಿದ್ದೆ.

"ಇದನ್ನೇ ಬರಿ," ಅಂದಳು ಅಕ್ಕ. "43 ಅನ್ನೋದನ್ನ ಬಿಡಬೇಡ."

ಕೊನೆಗೆ ಮೇಲ್ ಹೀಗಾಯಿತು.

ವಿಷಯ: ಟೆಸ್ಟಿಂಗ್ ಇಂಟರ್ನ್‌ಶಿಪ್ ಕೋರಿಕೆ, ಮೇ 25–ಜುಲೈ 17

"ನಮಸ್ಕಾರ ಮೇಡಂ. ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದ ವಿದ್ಯಾರ್ಥಿ. ನಿಮ್ಮ ಟೆಸ್ಟಿಂಗ್ ತಂಡದಲ್ಲಿ ಮೇ 25ರಿಂದ ಜುಲೈ 17ರವರೆಗೆ ಇಂಟರ್ನ್ ಆಗಿ ಕೆಲಸ ಮಾಡಲು ಅವಕಾಶ ಇದೆಯೇ? 8 ವಾರ ಆಗದಿದ್ದರೆ 6 ವಾರವೂ ಆಗುತ್ತದೆ. ನಮ್ಮ ಲೈಬ್ರರಿಯ ಪ್ರೋಗ್ರಾಂ ಒಂದೇ ರಾತ್ರಿ ಒಬ್ಬರಿಗೇ 43 ನೆನಪೋಲೆ ಕಳಿಸಿತ್ತು. ಅದರ ಕಾರಣ ಹುಡುಕಿ ಸರಿಪಡಿಸಿ, ಮತ್ತೆ ಹಾಗಾಗದಂತೆ ಆರು ಟೆಸ್ಟ್ ಬರೆದಿದ್ದೇನೆ. ಒಂದು ಪುಟದ ರೆಸ್ಯೂಮೆ ಜೊತೆಗಿದೆ. ಈ ಬಗ್ಗೆ ಮಾತಾಡಬೇಕಾದವರು ಬೇರೆ ಯಾರಾದರೂ ಆಗಿದ್ದರೆ ದಯವಿಟ್ಟು ಅವರಿಗೆ ಕಳಿಸಿ."

ಅಷ್ಟೇ. ಫೋನಿನಲ್ಲಿ ತಳ್ಳದೆಯೇ ಪೂರ್ತಿ ಕಾಣುತ್ತಿತ್ತು. ಕೇಳಿಕೆ ಎರಡನೇ ಸಾಲು ದಾಟುವ ಮೊದಲೇ ಬಂದುಬಿಟ್ಟಿತ್ತು. ವಿಷಯದ ಸಾಲಿನಲ್ಲಿ ಟೆಸ್ಟಿಂಗ್ ಅನ್ನುವುದನ್ನು ಮೊದಲೇ ಇಟ್ಟದ್ದೂ ಅಕ್ಕನೇ. ಫೋನಿನಲ್ಲಿ ಆ ಸಾಲಿನ ಬಾಲ ಕತ್ತರಿಸಿ ಹೋಗುತ್ತದಂತೆ.

ಮೊದಲ ಮ್ಯಾನೇಜರ್‌ಗೆ ಮತ್ತೆ ಬರೆಯುವ ಮುಖ ಇರಲಿಲ್ಲ. ಬೇರೆ ಇಬ್ಬರಿಗೆ ಕಳಿಸಿದೆ. ಇಲ್ಲೂ ನನ್ನ ಕೈಗುಣ ಬಿಡಲಿಲ್ಲ. ಒಬ್ಬರಿಗೆ ಬರೆದದ್ದನ್ನೇ ನಕಲು ಮಾಡಿ ಹೆಸರು ಬದಲಿಸಿ ಎರಡನೆಯವರಿಗೆ ಕಳಿಸಿದೆ. ಬದಲಿಸಿದ ಹೆಸರು ಮಾತ್ರ ಬೇರೆ ಅಕ್ಷರದಲ್ಲಿ, ಸ್ವಲ್ಪ ದಪ್ಪಗೆ, ಬೂದು ಬಣ್ಣದಲ್ಲಿ ನಿಂತಿತ್ತು. ವೆಬ್‌ಸೈಟ್‌ನಿಂದ ಎತ್ತಿ ತಂದದ್ದು, ಅಲ್ಲಿಯ ಬಟ್ಟೆಯಲ್ಲೇ ಬಂದಿತ್ತು. ಕಂಪ್ಯೂಟರ್ ಪರದೆಯಲ್ಲಿ ನನಗೆ ಕಾಣಲೇ ಇಲ್ಲ. ಕಳಿಸಿದ ಮೇಲೆ ಫೋನಿನಲ್ಲಿ ನೋಡಿದರೆ ಬಾಡಿಗೆ ಅಂಗಿಯ ಮದುಮಗನ ಥರ ಎದ್ದು ಕಾಣುತ್ತಿತ್ತು. Ctrl+Shift+V ಒತ್ತಿದರೆ ಬರೀ ಅಕ್ಷರ ಬರುತ್ತದೆ, ಬಟ್ಟೆ ಬರುವುದಿಲ್ಲ ಅಂತ ಆಮೇಲೆ ತಿಳಿಯಿತು.

ಆ ಎರಡನೆಯವರು ಉತ್ತರಿಸಲಿಲ್ಲ. ಇನ್ನೊಬ್ಬರ ಕಡೆಯಿಂದ ಮರುದಿನ ಬೆಳಿಗ್ಗೆ 9:10ಕ್ಕೆ ಒಂದು ಸೂಚನೆ ಬಂತು: ನಿಮ್ಮ ಫೈಲ್ ನೋಡಲು ಅನುಮತಿ ಬೇಡುತ್ತಿದ್ದಾರೆ. ರೆಸ್ಯೂಮೆಯನ್ನು ನಾನು ಪಿಡಿಎಫ್ ಆಗಿ ಹಾಕುವ ಬದಲು ಡ್ರೈವ್‌ನ ಲಿಂಕ್ ಕೊಟ್ಟಿದ್ದೆ. ಹಂಚಿಕೊಳ್ಳುವ ಆಯ್ಕೆ ಬದಲಿಸಿರಲಿಲ್ಲ, ಹಾಗಾಗಿ ಅದು ನನಗೊಬ್ಬನಿಗೇ ತೆರೆಯುತ್ತಿತ್ತು. ನನ್ನ ಕಂಪ್ಯೂಟರ್‌ನಲ್ಲಿ ಹತ್ತು ಸಲ ಒತ್ತಿ ನೋಡಿದ್ದೆ, ಹತ್ತೂ ಸಲ ಚೆನ್ನಾಗಿ ತೆರೆದಿತ್ತು. ತೆರೆಯದೆ ಏನು, ಮನೆ ಯಜಮಾನನಿಗೆ ಬಾಗಿಲು ತೆರೆಯುವುದಿಲ್ಲವೇ? ಕೆಲಸ ಬೇಡುವವನು ನಾನು, ಅನುಮತಿ ಬೇಡುತ್ತಿರುವವರು ಮ್ಯಾನೇಜರ್. ನಾನು ಆ ಹೊತ್ತಿಗೆ ಗಾಢ ನಿದ್ದೆಯಲ್ಲಿದ್ದೆ.

ಎದ್ದವನೇ ಪಿಡಿಎಫ್ ಹಾಕಿ, ಕ್ಷಮೆ ಕೇಳಿ, ಅದೇ ಮೇಲ್‌ನ ಕೆಳಗೇ ಉತ್ತರವಾಗಿ ಕಳಿಸಿದೆ. ಕಳಿಸುವ ಮೊದಲು ನನಗೇ ಒಂದು ಪ್ರತಿ ಕಳಿಸಿಕೊಂಡು ಅಕ್ಕನ ಫೋನಿನಲ್ಲಿ ತೆರೆದು ನೋಡಿದೆ. ಒಂದು ವಾರ ಸುಮ್ಮನಿದ್ದೆ. ಎಂಟನೇ ದಿನ ಅಲ್ಲೇ ಎರಡು ಸಾಲಿನ ನೆನಪೋಲೆ ಬರೆದೆ. 43 ಅಲ್ಲ, ಒಂದೇ.

ಸಂಜೆ ಉತ್ತರ ಬಂತು. "ಜೂನ್ 1ರಿಂದ 6 ವಾರ, ಜುಲೈ 10ರವರೆಗೆ ಆಗುತ್ತದೆಯೇ? ಆಗುವುದಾದರೆ ಕಾಲೇಜಿನ ಅನುಮತಿ ಪತ್ರ ಕಳಿಸಿ. 43 ಓಲೆಯ ಕಥೆಯನ್ನು ಬಂದ ಮೇಲೆ ತಂಡದವರಿಗೆ ಹೇಳಬೇಕು."

ಕೈ ನಡುಗುತ್ತಿತ್ತು. ತಡ ಮಾಡಿದರೆ ಎಲ್ಲಿ ಮನಸ್ಸು ಬದಲಿಸುತ್ತಾರೋ ಅಂತ ಒಂದೇ ಉಸಿರಿನಲ್ಲಿ ಬರೆದೆ: "ಖಂಡಿತ ಆಗುತ್ತದೆ ಮೇಡಂ. ಕಾಲೇಜಿನ ಪತ್ರ ಜೊತೆಗಿದೆ." ಕಳಿಸಿಬಿಟ್ಟೆ. ಪರದೆಯ ಕೆಳಗೆ ವಾಪಸ್ ಪಡೆಯುವ ಗುಂಡಿ ಕಾಣಿಸಿಕೊಂಡಿತು. ಅದನ್ನು 30 ಸೆಕೆಂಡ್‌ವರೆಗೂ ಉಳಿಯುವಂತೆ ಮಾಡಿಕೊಳ್ಳಬಹುದು ಅಂತ ಅಕ್ಕ ಹೇಳಿದ್ದಳು. ನನ್ನದಿನ್ನೂ ಮೊದಲಿದ್ದ ಹಾಗೆ 5 ಸೆಕೆಂಡಿನಲ್ಲೇ ಇತ್ತು. ಆ ಐದು ಸೆಕೆಂಡ್ ನಾನು ಮೇಜಿನ ಮೇಲಿದ್ದ ಕಾಲೇಜಿನ ಪತ್ರವನ್ನು ನೋಡುತ್ತಾ ಕೂತಿದ್ದೆ. ಅದಕ್ಕಿನ್ನೂ ಪ್ರಿನ್ಸಿಪಾಲರ ಸಹಿಯೂ ಆಗಿರಲಿಲ್ಲ.