ಹಳ್ಳಿಯ ಕುಡಿಯುವ ನೀರು ಪಂಚಾಯ್ತಿ ಕೈಯಲ್ಲೇ ಇರಬೇಕಾ?

ಪರ: ವಾಲ್ವ್ ಎಲ್ಲಿದೆ ಅಂತ ಗೊತ್ತಿರುವವರಿಗೇ ಹೊಣೆ ಕೊಡಿ

ಕೊಡಗಿನಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ತೋಟದ ಈ ತುದಿಗೊಂದು, ಗುಡ್ಡದ ಆಚೆಗೊಂದು, ನಡುವೆ ಕಾರ್ಮಿಕರ ಲೈನ್ ಮನೆಗಳು. ಯಾವ ವಾಲ್ವ್ ತಿರುಗಿಸಿದರೆ ಯಾವ ಮನೆಗೆ ನೀರು ಏರುತ್ತದೆ ಅನ್ನುವುದು ನೀರುಗಂಟಿಗೆ ಗೊತ್ತು, ಮಡಿಕೇರಿಯ ಕಚೇರಿಗೆ ಗೊತ್ತಿರುವುದಿಲ್ಲ.

ಆಗಸ್ಟ್ ಮಳೆಗೆ ಮರ ಬಿದ್ದು ಕರೆಂಟ್ ಹೋಯಿತು ಅನ್ನಿ. ಮೋಟಾರ್ ನಿಂತಿದೆ, ಟ್ಯಾಂಕ್ ಅರ್ಧ ಖಾಲಿ. ಉಳಿದ ನೀರನ್ನು ಯಾರಿಗೆ ಎಷ್ಟು ಹೊತ್ತು ಬಿಡಬೇಕು? ಜನರೇಟರ್ ಬಾಡಿಗೆಗೆ ತರಬೇಕಾ? ಇದು ಅವತ್ತು ಸಂಜೆಯೊಳಗೆ ಆಗಬೇಕಾದ ತೀರ್ಮಾನ. ಅಧ್ಯಕ್ಷರು, ಪಿಡಿಒ, ನೀರುಗಂಟಿ ಕೂತರೆ ಮುಗಿಯುತ್ತದೆ. ಕಡತ ಜಿಲ್ಲೆಗೆ ಹೋಗಿ ಬರುವಷ್ಟರಲ್ಲಿ ಕರೆಂಟೇ ಬಂದಿರುತ್ತದೆ.

ಕೆಳಗಿನ ಹಂತಕ್ಕೆ ಆಗುವ ಕೆಲಸವನ್ನು ಮೇಲಿನ ಹಂತ ಕಿತ್ತುಕೊಳ್ಳಬಾರದು ಅನ್ನುವ ತತ್ವವನ್ನು ಯುರೋಪಿನ ದೇಶಗಳು 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಬರೆದುಕೊಂಡವು. ಅದೇ ವರ್ಷ ನಮ್ಮ ಸಂಸತ್ತು 73ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದರಿಂದ ಬಂದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರೂ ಇದೆ. 15ನೇ ಹಣಕಾಸು ಆಯೋಗವಂತೂ ಪಂಚಾಯ್ತಿ ಅನುದಾನದಲ್ಲಿ 60%ನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಹೊಣೆಯೂ ಇದೆ, ದುಡ್ಡೂ ಇದೆ. ನೀರು ಬರದಿದ್ದರೆ ಮೆಂಬರ್ ಮನೆ ಬಾಗಿಲಿಗೇ ಹೋಗಿ ಕೇಳಬಹುದು, ಅಲ್ವಾ?

ವಿರೋಧ: ತೊರೆಗೆ ಪಂಚಾಯ್ತಿ ಗಡಿ ಇಲ್ಲ

ವಾಲ್ವ್ ವಿಚಾರ ಒಪ್ಪುತ್ತೇನೆ. ಆದರೆ ಪೈಪಿನೊಳಗೆ ಬರುವ ನೀರು ಎಲ್ಲಿಂದ ಬಂತು?

ಜನವರಿಯಿಂದಾಚೆ ರೋಬಸ್ಟಾ ಕಾಫಿ ಕೊಯ್ಲು. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕುವ ತೋಟಗಳಲ್ಲಿ ಸಿಪ್ಪೆ ಬಿಡಿಸಿ ತೊಳೆದ ನೀರು ಹುಳಿಯಾಗಿ, ಕಪ್ಪಾಗಿ ಹೊರಬರುತ್ತದೆ. ಗುಂಡಿಯಲ್ಲಿ ನಿಲ್ಲಿಸಿ ಶುದ್ಧ ಮಾಡದೆ ಬಿಟ್ಟರೆ ಅದು ತೊರೆ ಸೇರುತ್ತದೆ. ಆಗಲೇ ತೊರೆ ಬಡಕಲಾಗಿರುತ್ತದೆ, ಕೊಳೆ ತಿಳಿಯಾಗುವಷ್ಟು ನೀರು ಹರಿಯುವುದಿಲ್ಲ. ಪಲ್ಪರ್ ಇರುವುದು ಮೇಲಿನ ಪಂಚಾಯ್ತಿಯಲ್ಲಿ, ಆ ನೀರು ಕುಡಿಯುವವರು ಕೆಳಗಿನ ಪಂಚಾಯ್ತಿಯಲ್ಲಿ.

ಕೆಳಗಿನ ನೀರುಗಂಟಿ ಎಂದಿನಷ್ಟೇ ಬ್ಲೀಚಿಂಗ್ ಪೌಡರ್ ಹಾಕುತ್ತಾನೆ. ಕೊಳೆ ಜಾಸ್ತಿಯಾದಾಗ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಯಬೇಕು. ಕ್ಲೋರಿನ್ ಅಳೆಯುವ ಕಿಟ್‌ನಲ್ಲಿ ನೋಡಿದರೆ ಬಣ್ಣವೇ ಬರುವುದಿಲ್ಲ, ಅಂದರೆ ಏನೂ ಉಳಿದಿಲ್ಲ. ಪೌಡರ್ ಜಾಸ್ತಿ ಹಾಕಿದರೆ ವಾಸನೆಗೆ ಜನ ಬೈಯುತ್ತಾರೆ, ನೀರು ಮಾತ್ರ ಸುರಕ್ಷಿತ ಅಂತ ಹೇಳುವ ಹಾಗಿಲ್ಲ. ರೋಗಾಣು ಇದೆಯೋ ಇಲ್ಲವೋ ತಿಳಿಯಲು ಒಂದು ದಿನವಾದರೂ ಬೇಕು, ಸರಿಯಾದ ಲ್ಯಾಬ್ ಬೇಕು. ಅಷ್ಟರಲ್ಲಿ ಮಕ್ಕಳು ಅದೇ ನೀರು ಕುಡಿದಿರುತ್ತಾರೆ.

ಪಲ್ಪರ್ ನಿಲ್ಲಿಸಿ ಅಂತ ಹೇಳಲು ಕೆಳಗಿನ ಪಂಚಾಯ್ತಿಗೆ ಅಧಿಕಾರವಿಲ್ಲ. 1974ರ ಜಲ ಕಾಯ್ದೆ ಪ್ರಕಾರ ಅದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಮೇಲಿನ ಪಂಚಾಯ್ತಿಗೋ ತನ್ನೂರಿನ ಬೆಳೆಗಾರರನ್ನು ಎದುರು ಹಾಕಿಕೊಳ್ಳುವ ಅವಸರವಿಲ್ಲ.

ಆ ತತ್ವದಲ್ಲೇ "ಆಗುವ ಕೆಲಸ" ಅನ್ನುವ ಷರತ್ತಿದೆ. ತೊರೆ ಕಾಯುವುದು, ಲ್ಯಾಬ್ ನಡೆಸುವುದು ಒಂದು ಪಂಚಾಯ್ತಿಗೆ ಆಗುವ ಕೆಲಸವಲ್ಲ. ಇಡೀ ತೊರೆ ಯಾರ ವ್ಯಾಪ್ತಿಯಲ್ಲಿದೆಯೋ ಆ ಹಂತಕ್ಕೇ ನೀರಿನ ಹೊಣೆ ಸೇರಬೇಕು. ಇಲ್ಲಿ ಅದು ಜಿಲ್ಲೆ. ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಮಾದರಿ ತೆಗೆಸಿ, ಫಲಿತಾಂಶ ಕೆಟ್ಟದಾಗಿದ್ದರೆ ಅಂದೇ ಮಂಡಳಿಯನ್ನು ಸ್ಥಳಕ್ಕೆ ಕರೆಸುವ ಹೊಣೆಯನ್ನು ಜಿಲ್ಲೆಯ ಮೇಲೇ ಹಾಕಿ.